ರೆಫರೆನ್ಸ್ ಕೊಡ್ತೀರಾ ಮೇಡಂ?

ಕಾಲೇಜು ಮುಗಿದಾಗ ನನಗೊಂದು ನಡತೆ ಪ್ರಮಾಣಪತ್ರ ಬೇಕಾಗಿತ್ತು. ಮುಖಪರಿಚಯವೂ ಇಲ್ಲದ ಗೆಜೆಟೆಡ್ ಅಧಿಕಾರಿಯೊಬ್ಬರು ಫೈಲಿನಿಂದ ತಲೆಯೆತ್ತದೆ ಸಹಿ ಹಾಕಿ ಸೀಲು ಒತ್ತಿದರು. ಮೂರು ವರ್ಷದಿಂದ ಬಲ್ಲರಂತೆ, ನನ್ನ ನಡತೆ ಉತ್ತಮವಂತೆ. ಅದನ್ನು ಕೊಟ್ಟ ಕಡೆಯೂ ಯಾರೂ ಓದಿದ ಹಾಗೆ ಕಾಣಲಿಲ್ಲ.

ಕಳೆದ ತಿಂಗಳು ನಾನೇ ಆ ಕುರ್ಚಿಯಲ್ಲಿ ಕೂರಬೇಕಾಯಿತು. ನನ್ನ ಕೈಕೆಳಗೆ ಮೂರು ವರ್ಷ ಅಕೌಂಟ್ಸ್ ನೋಡಿಕೊಂಡು, ಆಮೇಲೆ ಬೇರೆ ಕಂಪನಿಗೆ ಹೋದ ಹುಡುಗಿ ಫೋನ್ ಮಾಡಿದ್ದಳು. "ಮೇಡಂ, ರೆಫರೆನ್ಸ್‌ಗೆ ನಿಮ್ಮ ಹೆಸರು ಕೊಡಲಾ?"

ಹೂಂ ಅನ್ನುವುದು ಸುಲಭ. ಹಿಂದೊಮ್ಮೆ ಹಾಗಂದು, ನಾಲ್ಕೇ ತಿಂಗಳು ಕಂಡ ಹುಡುಗನೊಬ್ಬನ ಬಗ್ಗೆ ರಿಕ್ರೂಟರ್ ಕೇಳಿದಾಗ "ಒಳ್ಳೆಯವನು, ಒಳ್ಳೆಯವನು" ಎಂದು ತಡವರಿಸಿದ್ದೆ. ಆ ತಡವರಿಕೆ ಅವನಿಗೆ ನಾನು ಮಾಡಿದ ಅಪಕಾರ. ಅಷ್ಟು ಕಡಿಮೆ ಗೊತ್ತಿದ್ದರೆ "ನನಗಿಂತ ನಿನ್ನ ಸೀನಿಯರ್ ಹೆಸರು ಕೊಡು" ಎಂದುಬಿಡಬೇಕಿತ್ತು.

ಈ ಸಲ ಕೇಳಿದೆ: ಯಾವ ಕೆಲಸ, ಯಾರು ಕೇಳುತ್ತಾರೆ, ಫೋನೋ ಮೇಲೋ, ಈಗಿನ ಆಫೀಸಿಗೆ ಗೊತ್ತಾ? ಗೊತ್ತಿಲ್ಲವಂತೆ. ಹಾಗಾದರೆ ಇಬ್ಬರಿಗೂ ಪರಿಚಯದವರ ಮುಂದೆ ನಾನು ಬಾಯಿ ಬಿಡುವಂತಿಲ್ಲ. ಕೆಲಸದ ವಿವರವನ್ನೂ ರೆಸ್ಯೂಮೆಯನ್ನೂ ಕಳಿಸು ಎಂದೆ. ಕೊನೆಗೆ, "ನಿನ್ನ ಒಂದು ದೋಷವನ್ನೂ ಬರೀತೀನಿ, ಪರವಾಗಿಲ್ವಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಯಾವುದು ಮೇಡಂ?"

"ಸಿಕ್ಕಿಹಾಕಿಕೊಂಡರೆ ಹೇಳಲ್ಲ ನೀನು."

"ಬ್ಯಾಂಕ್ ವಿಷ್ಯ ಅಲ್ವಾ?" ಅಂದಳು. ಅದೇ. ಒಮ್ಮೆ ಬ್ಯಾಂಕಿನ ಸ್ಟೇಟ್‌ಮೆಂಟಿಗೂ ನಮ್ಮ ಪುಸ್ತಕಕ್ಕೂ ತಾಳೆಯಾಗದೆ ಮೂರು ದಿನ ಒಬ್ಬಳೇ ಒದ್ದಾಡಿದ್ದಳು. ಒಂದೇ ಚೆಕ್ ಎರಡು ಸಲ ಎಂಟ್ರಿಯಾಗಿತ್ತು. ಪಕ್ಕದ ಟೇಬಲಿನವರು ಹತ್ತು ನಿಮಿಷದಲ್ಲಿ ಹುಡುಕಿಕೊಟ್ಟರು. "ಬರೀರಿ ಮೇಡಂ, ನಿಜಾನೇ ತಾನೆ" ಅಂದಳು.

ವಾರದೊಳಗೆ ಮೇಲ್ ಬಂತು. ಎಷ್ಟು ಕಾಲದಿಂದ ಬಲ್ಲಿರಿ, ಯಾವ ಹುದ್ದೆಯಲ್ಲಿದ್ದರು, ಏಕೆ ಬಿಟ್ಟರು, ಒಂದರಿಂದ ಐದರವರೆಗೆ ಅಂಕ ಕೊಡಿ, ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ. ಮೊದಲ ಸಲ ಬರೆದದ್ದು ಹೀಗಿತ್ತು: "ಅತ್ಯಂತ ಶ್ರಮಜೀವಿ, ಪ್ರಾಮಾಣಿಕರು, ಎಲ್ಲರೊಂದಿಗೆ ಹೊಂದಿಕೊಳ್ಳುತ್ತಾರೆ." ಓದಿ ನೋಡಿದರೆ ಅದೇ ಗೆಜೆಟೆಡ್ ಸೀಲು! ನಮ್ಮ ಸೆಕ್ಯುರಿಟಿಯವರಿಗೂ ಹೊಂದುತ್ತಿತ್ತು. ಅಳಿಸಿದೆ.

ಇವಳನ್ನು ಬಿಟ್ಟರೆ ಬೇರೆ ಯಾರಿಗೂ ಹೊಂದದ ಮಾತು ಯಾವುದು ಎಂದು ಯೋಚಿಸಿದೆ. ನಾವು ಕೊಳ್ಳುವ ಮಾಲಿಗೆ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್ ಸಿಗಬೇಕಾದರೆ ಮಾರಿದವರು ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1 ಸಲ್ಲಿಸಿರಬೇಕು. ತಿಂಗಳ ಲೆಕ್ಕದವರಿಗೆ ಅದರ ಕೊನೆಯ ದಿನ 11. 14ನೇ ತಾರೀಖಿಗೆ ನಮಗೆ ಯಾವ ಯಾವ ಬಿಲ್ಲಿನ ಕ್ರೆಡಿಟ್ ಸಿಗುತ್ತದೆಂದು ತೋರಿಸುವ 2ಬಿ ಪಟ್ಟಿ ಬರುತ್ತದೆ, ಅದರಲ್ಲಿಲ್ಲದ ಬಿಲ್ಲಿನ ಕ್ರೆಡಿಟ್ ಆ ತಿಂಗಳಿಗಿಲ್ಲ. ಸಾಮಾನ್ಯವಾಗಿ ಎಲ್ಲರೂ ಪಟ್ಟಿ ಬಂದ ಮೇಲೆ ತಲೆ ಮೇಲೆ ಕೈ ಹೊತ್ತು ಫೋನ್ ಹಿಡಿಯುತ್ತಾರೆ. ಇವಳು 8, 9ಕ್ಕೇ ಕೂತು ಹಿಂದೆ ತಡಮಾಡಿದ ಏಳೆಂಟು ಸಪ್ಲೈಯರ್‌ಗಳಿಗೆ ಕರೆ ಮಾಡುತ್ತಿದ್ದಳು. "ಅಣ್ಣಾ, ಜಿಎಸ್‌ಟಿಆರ್-1 ಹಾಕಿದ್ರಾ?" ಯಾರೂ ಹೇಳಿಕೊಟ್ಟದ್ದಲ್ಲ. ಅದನ್ನೇ ಬರೆದೆ, ತಾರೀಖಿನ ಸಮೇತ. ಜೊತೆಗೆ ಬ್ಯಾಂಕಿನ ಕಥೆಯನ್ನೂ ಬರೆದು, ಆಮೇಲೆ ದಿನಕ್ಕೊಮ್ಮೆ ಹತ್ತು ನಿಮಿಷ ಕೂತು ಮಾತಾಡಲು ಶುರುಮಾಡಿದ ಮೇಲೆ ಅದು ಮರುಕಳಿಸಲಿಲ್ಲ ಎಂದೂ ಸೇರಿಸಿದೆ. ಹೊಸ ಮ್ಯಾನೇಜರ್‌ಗೆ ಬೇಕಾದ ಮಾತು ಅದು.

ಅಂಕಗಳಲ್ಲಿ ಪೇಚಾಟ. ಎಲ್ಲದಕ್ಕೂ ಐದು ಕೊಟ್ಟರೆ ನಂಬುವವರು ಯಾರು? ಸಂವಹನಕ್ಕೆ ಮೂರು ಎಂದು ಕೊಟ್ಟು, ಕಾರಣವನ್ನೂ ಬರೆದೆ. ಬರಿಯ ಮೂರು ಅಂದರೆ ಓದುವವರು ಏನೇನೋ ಊಹಿಸಿಕೊಳ್ಳುತ್ತಾರೆ. ಏಕೆ ಬಿಟ್ಟರು ಎಂಬುದಕ್ಕೆ ಅವಳು ನನಗೆ ಹೇಳಿದ್ದಷ್ಟೇ ಬರೆದೆ. ಮದುವೆ, ಮನೆ, ಆರೋಗ್ಯ ನನ್ನ ಬಾಯಿಂದ ಬರಬಾರದ ಸಂಗತಿಗಳು. ಮತ್ತೆ ತೆಗೆದುಕೊಳ್ಳುತ್ತೀರಾ ಎಂಬ ಪ್ರಶ್ನೆಯನ್ನು ಮಾತ್ರ ಎಳೆದಾಡುವಂತಿಲ್ಲ. "ಪರಿಸ್ಥಿತಿ ನೋಡಿ" ಎಂದರೆ ಬೇಡ ಎಂದೇ ಓದಿಕೊಳ್ಳುತ್ತಾರೆ. "ನಾಳೆಯೇ" ಎಂದು ಬರೆದೆ.

ಇಪ್ಪತ್ತು ದಿನದ ಮೇಲೆ ಅವಳ ಫೋನ್. ಕೆಲಸ ಸಿಕ್ಕಿತ್ತು. "ಮೇಡಂ, ಮೊದಲನೇ ದಿನವೇ ಮ್ಯಾನೇಜರ್ ಕರೆದು, ದಿನಾ ಸಂಜೆ ಐದೂವರೆಗೆ ಹತ್ತು ನಿಮಿಷ ಬಂದು ಕೂತ್ಕೋ ಅಂದ್ರು" ಎಂದಳು. ನಗುತ್ತಿದ್ದಳೋ ಬೈಯುತ್ತಿದ್ದಳೋ ಗೊತ್ತಾಗಲಿಲ್ಲ.