ಟಾಮಿಯ ಹೆಸರು ಸಾಕಾಯಿತು

"ಯೂಸರ್‌ನೇಮ್‌ನಲ್ಲಿ ನಾಯಿಯ ಹೆಸರಿದ್ದರೆ ಏನು ನಷ್ಟ? ಪಾಸ್‌ವರ್ಡ್ ಬೇರೆಯೇ ಇದೆಯಲ್ಲ!"

ಪಾಸ್‌ವರ್ಡ್ ಗಟ್ಟಿಯಾಗಿದ್ದರೂ 'ಪಾಸ್‌ವರ್ಡ್ ಮರೆತಿರಾ?' ಎಂಬ ಹಿಂಬಾಗಿಲು ಇದೆಯಲ್ಲ ಸ್ವಾಮಿ. ಗೋಣಿಕೊಪ್ಪದಲ್ಲಿರುವ ನನ್ನ ಚಿಕ್ಕಪ್ಪನ ಮಗ ಎಲ್ಲ ಕಡೆಯೂ `tommy_ghs_1987` ಎಂದೇ ಇದ್ದ. ಟಾಮಿ ತೋಟದ ನಾಯಿ, ghs ಅವನ ಸರ್ಕಾರಿ ಹೈಸ್ಕೂಲು, ಉಳಿದದ್ದು ಹುಟ್ಟಿದ ವರ್ಷ. ಕಾಲೇಜು ದಿನಗಳಲ್ಲಿ ತೆರೆದ ಇಮೇಲ್ ಖಾತೆಗೆ ಪಾಸ್‌ವರ್ಡ್ ಮರೆತಾಗ ಕೇಳಲೆಂದು ಅವನು ಆರಿಸಿಕೊಂಡಿದ್ದ ಭದ್ರತಾ ಪ್ರಶ್ನೆಗಳೂ ಎರಡೇ: ಸಾಕುಪ್ರಾಣಿಯ ಹೆಸರು, ಓದಿದ ಶಾಲೆ. ಯಾರೋ ಆ ಯೂಸರ್‌ನೇಮನ್ನೇ ಹುಡುಕಿ, ಕಾಫಿ ಕಣದಲ್ಲಿ ನಾಯಿಯೊಂದಿಗೆ ನಿಂತ ಅವನ ಫೋಟೊ, ಹಳೆಯ ವಿದ್ಯಾರ್ಥಿಗಳ ಗುಂಪು ಎಲ್ಲವನ್ನೂ ಜೋಡಿಸಿದರು. ಪಾಸ್‌ವರ್ಡ್ ಬದಲಾಯಿತು. ಎಚ್ಚರಿಕೆಯ ಸಂದೇಶ ಹೋದದ್ದು ಅವನು ಎಂದೋ ಬಿಟ್ಟಿದ್ದ ಮೊಬೈಲ್ ಸಂಖ್ಯೆಗೆ.

ಈಗ ಯೂಸರ್‌ನೇಮ್ ಮಾತ್ರ ಬದಲಿಸಿದರೆ ಸಾಲದು. ಹಳೆಯ ಹೆಸರು ಇತರರ ಪೋಸ್ಟ್‌ಗಳಲ್ಲಿ ಉಳಿದೇ ಇರುತ್ತದೆ. ಹಾಗಾಗಿ ಉತ್ತರವನ್ನೇ ಬದಲಿಸಬೇಕು. ನಾಯಿಯ ಹೆಸರು ಕೇಳಿದಲ್ಲಿ ಅವನು ಈಗ ಅರ್ಥವಿಲ್ಲದ ಮೂರು ಪದಗಳನ್ನು ಕೊಟ್ಟಿದ್ದಾನೆ. ಉತ್ತರ ನಿಜವಿರಬೇಕೆಂಬ ನಿಯಮವೇನೂ ಇಲ್ಲ, ಕಂಪ್ಯೂಟರ್ ನೋಡುವುದು ಅಕ್ಷರಗಳ ಹೊಂದಿಕೆಯನ್ನು ಮಾತ್ರ. ಆದರೆ ಸುಳ್ಳು ಉತ್ತರ ನೆನಪಿನಲ್ಲಿ ನಿಲ್ಲುವುದಿಲ್ಲ. ಟೈಪ್ ಮಾಡಿದಂತೆಯೇ, ಪದಗಳ ನಡುವಿನ ಖಾಲಿ ಜಾಗವೂ ಸೇರಿದಂತೆ, ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ. ಪಾಸ್‌ವರ್ಡ್ ಮರೆತಾಗ ಹಳೆಯ ಸಂಖ್ಯೆಗೆ ಒಟಿಪಿ ಹೋಗುತ್ತದೆಯೇ ಎಂಬುದನ್ನೂ ಅದೇ ದಿನ ನೋಡಿಕೊಳ್ಳಿ.