‘ಹೆಂಗ ಆಯ್ತು?’ ಅಂತ ಯಾರೂ ಕೇಳಲಿಲ್ಲ

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಮುನ್ನಿ ಹೋದಳು. 11 ವರ್ಷದ ನಾಯಿ. ಯಾವ ಜಾತಿ ಅಂತ ಕೇಳಿದರೆ ಊರ ನಾಯಿ ಅಂತಲೇ ಹೇಳುತ್ತಿದ್ದೆವು. ಒಂದು ಮಳೆಗಾಲದಲ್ಲಿ ನಮ್ಮ ಓಣಿಯ ಮೋರಿಯಲ್ಲಿ ಸಿಕ್ಕಿಬಿದ್ದಿದ್ದ ಮರಿಯನ್ನು ನಮ್ಮ ಮನೆಯವರು ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಿದ್ದರು. ಆಮೇಲೆ ಅವಳು ಎಲ್ಲಿಗೂ ಹೋಗಲಿಲ್ಲ.

ಮಾರನೇ ದಿನ ಆಫೀಸಿಗೆ ಹೋದೆ. ಬೇಸಿಗೆಯಲ್ಲಿ ಕಲಬುರಗಿಯ ಸರ್ಕಾರಿ ಆಫೀಸುಗಳು ಬೆಳಿಗ್ಗೆ 8ಕ್ಕೇ ಶುರು, ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ಅಷ್ಟು ಹೊತ್ತು ಹೇಗೋ ಕಳೆದರಾಯಿತು ಅಂದುಕೊಂಡಿದ್ದೆ. ಕಣ್ಣು ಊದಿದ್ದನ್ನು ನೋಡಿ ಪಕ್ಕದ ಟೇಬಲಿನವರು ಗಾಬರಿಯಾಗಿ ಎದ್ದು ಬಂದರು.

‘ಯಾಕ್ರೀ ಮೇಡಂ, ಮನ್ಯಾಗ ಯಾರರ ತೀರ್ಕೊಂಡ್ರೇನು?’

‘ನಮ್ಮ ಮುನ್ನಿ ಹೋದ್ಲು’ ಅಂದೆ.

‘ಅಯ್ಯ, ನಾಯೇನ್ರೀ! ನಾ ಏನೋ ಅನ್ಕೊಂಡೆ. ಹೋಗ್ಲಿ ಬಿಡ್ರಿ, ಇನ್ನೊಂದು ಮರಿ ತರ್ರಿ.’

ಅವರ ಮುಖದಲ್ಲಿ ನಿಜವಾದ ಸಮಾಧಾನ ಕಂಡಿತು. ಕೆಟ್ಟವರಲ್ಲ ಅವರು. ನಮ್ಮ ಮಾವನವರು ತೀರಿಕೊಂಡಾಗ ರಣಬಿಸಿಲಿನಲ್ಲಿ ಊರಿಗೆ ಬಂದು, ಮಣ್ಣು ಮಾಡಿ ಮುಗಿಯುವ ತನಕ ನಿಂತಿದ್ದವರು. ಅಂಥವರ ಬಾಯಿಂದ ಈ ಮಾತು ಬಂದದ್ದಕ್ಕೇ ನನಗೆ ಜಾಸ್ತಿ ನೋವಾಯಿತು.

ಆಮೇಲೆ ಇದರ ಬಗ್ಗೆ ತುಂಬಾ ಯೋಚನೆ ಮಾಡಿದ್ದೇನೆ. ಸಾವಾದ ಮನೆಗೆ ನಾವು ಹೋಗಿ ಕೂತು ಮೊದಲು ಕೇಳುವುದೇನು? ‘ಹೆಂಗ ಆಯ್ತು?’ ಅಂತ. ಮನೆಯವರು ಹೇಳಲು ಶುರು ಮಾಡುತ್ತಾರೆ. ರಾತ್ರಿ ಒಂದು ರೊಟ್ಟಿ ಉಂಡಿದ್ದರು, ನೀರು ಕೇಳಿದರು, ನಾಲ್ಕು ಗಂಟೆಗೆ ಎದೆ ಹಿಡಿದುಕೊಂಡರು. ಇನ್ನೊಬ್ಬರು ಬಂದರೆ ಅದೇ ಕತೆ ಮತ್ತೆ ಮೊದಲಿಂದ. ಮಾವನವರು ಹೋದಾಗ ಅತ್ತೆಯವರು ಮೂರು ದಿನದಲ್ಲಿ ಐವತ್ತು ಸಲವಾದರೂ ಹೇಳಿರಬೇಕು. ಮೊದಲ ದಿನ ಪೂರ್ತಿ ಹೇಳಲು ಆಗುತ್ತಿರಲಿಲ್ಲ, ನಡುವೆಯೇ ಕುಸಿಯುತ್ತಿದ್ದರು. ಮೂರನೇ ದಿನ ಕೊನೆಯ ತನಕ ಹೇಳಿದರು. ‘ನಾ ಮೊದಲೇ ದವಾಖಾನಿಗಿ ಒಯ್ಯಬೇಕಿತ್ತು’ ಅಂತ ಅವರು ಅಂದಾಗಲೆಲ್ಲ ಯಾರಾದರೂ ‘ಹಂಗಲ್ಲವ್ವಾ, ನಿನ್ನ ಕೈಯಾಗ ಏನಿತ್ತು’ ಅನ್ನುತ್ತಿದ್ದರು. ಅತ್ತೆಯವರನ್ನು ಸಾವರಿಸಿದ್ದು ಆ ಹೇಳಿಕೆ ಕೇಳಿಕೆಯೇ.

ಮುನ್ನಿಯ ಕತೆಯನ್ನು ನಾನು ಒಂದು ಸಲವೂ ಹೇಳಲಿಲ್ಲ. ಯಾರೂ ಕೇಳಲಿಲ್ಲ. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಫೆಬ್ರುವರಿ ಕೊನೆಯಲ್ಲಿ ಅವಳು ನೀರು ಜಾಸ್ತಿ ಕುಡಿಯಲು ಶುರು ಮಾಡಿದಳು. ಅವಳದು ಅರ್ಧ ಲೀಟರಿನ ಸ್ಟೀಲ್ ಬೋಗುಣಿ. ದಿನಕ್ಕೆ ಎರಡು ಸಲ ತುಂಬಿಸುತ್ತಿದ್ದದ್ದು ಮೂರಾಯಿತು, ಏಪ್ರಿಲ್‌ನಲ್ಲಿ ಐದಾಯಿತು. ಹೊರಗೆ 42 ಡಿಗ್ರಿ ಬಿಸಿಲು. ‘ಪಾಪ, ಶೆಕೆ’ ಅಂದುಕೊಂಡು ನಾನೇ ಖುಷಿಯಿಂದ ತುಂಬಿಸಿ ಇಡುತ್ತಿದ್ದೆ. ರಾತ್ರಿ ಪಡಸಾಲೆಯ ಫರಸಿ ಮೇಲೆ ಉಚ್ಚೆ ಹೊಯ್ಯತೊಡಗಿದಳು. ವಯಸ್ಸಾಯಿತು ಅಂದುಕೊಂಡೆ. ಒರೆಸುವಾಗ ಗಮನಿಸಿದ್ದೆ, ಅದಕ್ಕೆ ಬಣ್ಣವೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಬರೀ ನೀರಿನ ಹಾಗೆ.

ಅದೇ ಗುರುತು ಅಂತ ನನಗೆ ಗೊತ್ತಿರಲಿಲ್ಲ. ಶೆಕೆಗೆ ನೀರು ಕುಡಿಯುವ ನಾಯಿ ತೇಕುತ್ತಾ ಆ ನೀರನ್ನು ಬಾಯಿಂದಲೇ ಕಳೆದುಕೊಳ್ಳುತ್ತದೆ. ಅದರ ಉಚ್ಚೆ ಹೆಚ್ಚುವುದಿಲ್ಲ, ಹಳದಿಯಾಗಿಯೇ ಇರುತ್ತದೆ. ಕಿಡ್ನಿ ಸೋತ ನಾಯಿಗೆ ನೀರು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಕುಡಿದದ್ದೆಲ್ಲ ತೆಳ್ಳಗೆ ಹೊರಗೆ ಹೋಗುತ್ತದೆ, ಮತ್ತೆ ಬಾಯಾರುತ್ತದೆ. ದಿನಕ್ಕೆ ಒಂದು ಕಿಲೋ ತೂಕಕ್ಕೆ 100 ಮಿಲಿಗಿಂತ ಜಾಸ್ತಿ ಕುಡಿದರೆ ತೋರಿಸಬೇಕಂತೆ. ಮುನ್ನಿ 16 ಕಿಲೋ ಇದ್ದಳು, ಅಂದರೆ ಒಂದೂವರೆ ಲೀಟರಿನ ಆಸುಪಾಸು. ಅವಳು ಎರಡೂವರೆ ಲೀಟರ್ ಕುಡಿಯುತ್ತಿದ್ದಳು.

ಏಪ್ರಿಲ್ ಕೊನೆಗೆ ರೊಟ್ಟಿ ಬಿಟ್ಟಳು. ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ ಅಂದರೆ ಪ್ರಾಣ ಬಿಡುತ್ತಿದ್ದವಳು ಮೂಸಿ ನೋಡಿ ಮುಖ ತಿರುಗಿಸಿದಳು. ಬಾಯಿಂದ ಒಂಥರಾ ಘಾಟು ವಾಸನೆ. ರಕ್ತ ಪರೀಕ್ಷೆ ಮಾಡಿಸಿದೆವು. ಕ್ರಿಯಾಟಿನಿನ್ 7.8 ಬಂತು, ಒಂದೂವರೆಯ ಒಳಗೆ ಇರಬೇಕಾದದ್ದು. ಮೂರು ದಿನ ಸಲೈನ್ ಹಾಕಿಸಿದ ಮೇಲೆ 7.1. ಅಷ್ಟಕ್ಕೇ ಕುಣಿದಾಡಿದೆ. ಸ್ಕ್ಯಾನಿಂಗ್‌ಗೆ ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಹೋದೆವು. ಬಿಸಿಲು ಏರುವ ಮೊದಲೇ ಮುಟ್ಟಬೇಕು ಅಂತ ನಸುಕಿನ ನಾಲ್ಕಕ್ಕೆ ಹೊರಟಿದ್ದೆವು. ಹುಮನಾಬಾದ್ ದಾಟುವ ತನಕ ಅವಳ ತಲೆ ನನ್ನ ತೊಡೆಯ ಮೇಲೆಯೇ ಇತ್ತು. ಎರಡೂ ಕಿಡ್ನಿ ಸಣ್ಣಗಾಗಿ ಗಟ್ಟಿಯಾಗಿವೆ, ಇದು ತಿರುಗಿ ಸರಿಯಾಗುವುದಲ್ಲ ಅಂದರು. ಮುಂದಿನ ವಾರ 8.6. ಬಾಯಲ್ಲಿ ಹುಣ್ಣು. ನೀರು ಕುಡಿದರೂ ವಾಂತಿ. 16 ಕಿಲೋ ಇದ್ದವಳು 12ಕ್ಕೆ ಇಳಿದಿದ್ದಳು.

ಇಂಜೆಕ್ಷನ್ ಕೊಟ್ಟು ಕಳಿಸಿಕೊಡೋಣ ಅಂತ ಡಾಕ್ಟರು ಹೇಳಿದಾಗ ‘ಹೂಂ’ ಅಂದವಳು ನಾನು. ನಮ್ಮ ಮನೆಯವರು ಸುಮ್ಮನೆ ಕೂತಿದ್ದರು.

ಬೆಳಿಗ್ಗೆ ಆರಕ್ಕೆ ಮನೆಗೇ ಬಂದರು. ಅವಳು ತನ್ನ ಕೌದಿ ಮೇಲೆ ಮಲಗಿದ್ದಳು. ಮೊದಲು ತೊಡೆಗೆ ಒಂದು ಇಂಜೆಕ್ಷನ್, ಮಂಪರು ಬರಲು. ಹತ್ತು ನಿಮಿಷದಲ್ಲಿ ಗೊರಕೆ ಹೊಡೆದಳು. ಆಮೇಲೆ ಮುಂಗಾಲಿನ ನರಕ್ಕೆ ಎರಡನೆಯದು, ಅರಿವಳಿಕೆಯದೇ, ದೊಡ್ಡ ಪ್ರಮಾಣದ್ದು. ಡಾಕ್ಟರು ಸ್ಟೆತಸ್ಕೋಪ್ ಇಟ್ಟು ನೋಡಿ ‘ಆಯ್ತ್ರೀ’ ಅಂದರು. ಅದಾಗಿ ಒಂದು ನಿಮಿಷಕ್ಕೆ ಮುನ್ನಿ ಬಾಯಿ ತೆರೆದು ಎರಡು ಸಲ ಜೋರಾಗಿ ಉಸಿರೆಳೆದಳು. ಕಣ್ಣು ತೆರೆದೇ ಇತ್ತು.

ಆ ಎರಡು ಉಸಿರು ಎರಡು ತಿಂಗಳು ನನ್ನನ್ನು ಮಲಗಲು ಬಿಡಲಿಲ್ಲ. ಜೀವ ಇದ್ದಾಗಲೇ ಕೊಂದೆನಾ? ಅವಳು ನನ್ನನ್ನು ಕರೆದಳಾ? ಇದನ್ನು ಯಾರಿಗೆ ಹೇಳಲಿ? ‘ನಾಯಿ ಸತ್ತದ’ ಅನ್ನುವುದೇ ದುಃಖ ಅಲ್ಲ ಅಂದವರ ಹತ್ತಿರ ‘ನಾನೇ ಕೊಂದೆ ಅನಸ್ತದ’ ಅಂತ ಹೇಳುವುದು ಹೇಗೆ? ‘ಹೋಗ್ಲಿ ಬಿಡ್ರಿ’ ಅನ್ನುವ ಮಾತಿನಿಂದ ಆಗುವ ಅನಾಹುತ ಇದೇ. ಬೇಜಾರಾದರೆ ಸಹಿಸಬಹುದು. ಆದರೆ ಮೇಲಿನ ದುಃಖಕ್ಕೇ ಬಾಗಿಲು ಹಾಕಿದ ಮೇಲೆ ಒಳಗಿನ ತಪ್ಪಿತಸ್ಥ ಭಾವನೆ ಹೊರಗೆ ಬರುವುದಕ್ಕೆ ದಾರಿಯೇ ಇರುವುದಿಲ್ಲ.

ಜುಲೈನಲ್ಲಿ ಗಟ್ಟಿ ಮನಸ್ಸು ಮಾಡಿ ಡಾಕ್ಟರಿಗೇ ಫೋನ್ ಮಾಡಿದೆ. ಅವರು ಹತ್ತು ನಿಮಿಷ ಮಾತಾಡಿದರು. ಮಿದುಳು ಮೊದಲು ನಿಲ್ಲುತ್ತದೆ, ಆಮೇಲೆ ಉಸಿರು, ಆಮೇಲೆ ಹೃದಯ. ಎಲ್ಲ ನಿಂತ ಮೇಲೂ ಎದೆಯ ಸ್ನಾಯು ಒಂದೆರಡು ಸಲ ತಾನಾಗಿ ಸೆಳೆಯುತ್ತದೆ. ಅದು ಅವಳಿಗೆ ಗೊತ್ತಾಗುವುದಿಲ್ಲ. ನಾಯಿಗೆ ಸತ್ತ ಮೇಲೆ ಕಣ್ಣು ಮುಚ್ಚುವುದಿಲ್ಲ, ಕೆಲವು ಸಲ ಉಚ್ಚೆಯೂ ಹೋಗುತ್ತದೆ. ‘ಮೊದಲೇ ಹೇಳಬೇಕಿತ್ತು, ತಪ್ಪಾಯ್ತು’ ಅಂದರು. ಇನ್ನೊಂದು ಮಾತನ್ನೂ ಹೇಳಿದರು. ಕಿಡ್ನಿಯ ಸುಮಾರು ಮುಕ್ಕಾಲು ಪಾಲು ಹೋಗುವ ತನಕ ಕ್ರಿಯಾಟಿನಿನ್ ಏರುವುದೇ ಇಲ್ಲ. ಫೆಬ್ರುವರಿಯಲ್ಲಿ ತಂದಿದ್ದರೂ ಆಹಾರ ಬದಲಿಸಿ ಕೆಲವು ತಿಂಗಳು ಹೆಚ್ಚು ಸಿಗುತ್ತಿತ್ತೇನೋ, ವಾಸಿಯಂತೂ ಆಗುತ್ತಿರಲಿಲ್ಲ. ಕೆಲವು ತಿಂಗಳು ಅನ್ನುವುದು ಈಗಲೂ ಚುಚ್ಚುತ್ತದೆ. ಆದರೆ ಅದು ನಿಜ ಅಳತೆಯ ನೋವು, ಅದನ್ನು ಹೊರಬಲ್ಲೆ.

ಮುನ್ನಿಯನ್ನು ಮಣ್ಣು ಮಾಡಿದ್ದು ಆಳಂದ ಕಡೆಯ ನಮ್ಮ ಕಾಕಾನ ಹೊಲದಲ್ಲಿ, ಬದುವಿನ ಬೇವಿನ ಮರದ ಕೆಳಗೆ. ಮೇ ತಿಂಗಳ ಎರೆ ಮಣ್ಣು ಬಿರುಕು ಬಿಟ್ಟು ಕಲ್ಲಾಗಿತ್ತು. ಸಲಿಕೆ ಇಳಿಯಲಿಲ್ಲ, ಹಾರಿಯಿಂದಲೇ ಅಗೆದರು. ನಾಲ್ಕು ಅಡಿ ಆಳ ಬೇಕು, ಬಾವಿಯಿಂದ ದೂರ ಇರಬೇಕು ಅಂತ ಡಾಕ್ಟರು ಹೇಳಿದ್ದರು. ಆ ಔಷಧಿ ದೇಹದಲ್ಲಿ ಉಳಿಯುತ್ತದೆ, ಬೇರೆ ನಾಯಿ ನರಿ ಕೆದರಿ ತಿಂದರೆ ಅವಕ್ಕೂ ವಿಷ. ಕೌದಿಯಲ್ಲೇ ಸುತ್ತಿ ಇಳಿಸಿದೆವು. ಕಾಕಾ ಮನೆಗೆ ಹೋಗಿ ಒಂದು ಪುಡಿಕೆ ಉಪ್ಪು ತಂದ, ಮನುಷ್ಯರಿಗೆ ಹಾಕುವ ಹಾಗೆ ಹಾಕಿದ. ಅವ್ವ ಊದಿನಕಡ್ಡಿ ಹಚ್ಚಿ, ‘ಮೈಲಾರಲಿಂಗನ ಕಡಿ ಹೋಗು’ ಅಂದಳು.

ವಾಪಸು ಬರುವಾಗ ಕಾಕಾ ಒಂದು ಮಾತು ಹೇಳಿದ. ಮೂರು ವರ್ಷದ ಹಿಂದೆ ಅವನ ಎತ್ತು ಹಳ್ಳದಲ್ಲಿ ಬಿದ್ದು ಹಿಂಗಾಲು ಮುರಿದುಕೊಂಡಿತ್ತು. ಏಳಲು ಆಗಲೇ ಇಲ್ಲ. ‘ನಾನೂ ಹೂಂ ಅಂದಿದ್ದೆ ಯವ್ವಾ. ಅದು ನನ್ನ ಮಾರಿ ನೋಡ್ಲತ್ತಿತ್ತು.’ ಅಷ್ಟೇ. ಮುಂದೆ ಮಾತಾಡಲಿಲ್ಲ.

ಆ ಎತ್ತು ಹೋದ ದಿನ ನನಗೆ ನೆನಪಿದೆ. ಕಾಕಾನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಪಕ್ಕದ ಮನೆಯಿಂದ ರೊಟ್ಟಿ, ಪಲ್ಯ ಬಂತು. ಊರಿನ ಹಿರಿಯರು ಕಟ್ಟೆ ಮೇಲೆ ಕೂತು ‘ಹೆಂಗ ಆಯ್ತೋ?’ ಅಂತ ಕೇಳಿದರು. ಕಾಕಾ ಗಳಗಳ ಅತ್ತ, ಯಾರೂ ನಗಲಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಮುಂದೆ ಕೈಮುಗಿದು ನಿಲ್ಲುವ ನಾಡು ನಮ್ಮದು. ಪ್ರಾಣಿಗಾಗಿ ಅಳುವುದು ನಮಗೆ ಹೊಸದಲ್ಲ. ಪೇಟೆಯಲ್ಲಿ ಕಲಿತ ಚಾಳಿಯೂ ಅಲ್ಲ. ‘ಎತ್ತು ದುಡೀತದ್ರೀ, ಜೋಡಿಗಿ ಲಕ್ಷದ ಮ್ಯಾಲ ಅದ’ ಅಂತ ಒಬ್ಬರು ನನಗೆ ಲೆಕ್ಕ ಹೇಳಿದರು. ಕಾಕಾ ಅತ್ತದ್ದು ಲಕ್ಷಕ್ಕಾ? ಲಕ್ಷ ಹೋಯಿತು ಅಂತ ಯಾರೂ ಎತ್ತಿನ ಹಗ್ಗವನ್ನು ಮೂರು ವರ್ಷ ಗೂಟಕ್ಕೇ ತೂಗುಹಾಕಿ ಇಡುವುದಿಲ್ಲ.

ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಇಂಥ ದುಃಖಕ್ಕೆ ಒಂದು ಹೆಸರು ಕೊಟ್ಟಿದ್ದಾರೆ ಅಂತ ಆಮೇಲೆ ಓದಿದೆ. ಸುತ್ತಲಿನವರು ಹಕ್ಕು ಕೊಡದ ದುಃಖ ಅನ್ನುವ ಅರ್ಥದ್ದು. ಓದಿ ಸಮಾಧಾನವಾಯಿತು. ಆದರೆ ಕಾಕಾನ ಆ ಎರಡು ಸಾಲಿನಿಂದ ಆದಷ್ಟು ಅಲ್ಲ.

ಮೊನ್ನೆ ಬುಧವಾರ ನಮ್ಮ ಆಫೀಸಿನ ಒಬ್ಬ ಹುಡುಗ, ಕೆಲಸಕ್ಕೆ ಸೇರಿ ವರ್ಷವೂ ಆಗಿಲ್ಲ, ಕಂಪ್ಯೂಟರ್ ಮುಂದೆ ಸುಮ್ಮನೆ ಕೂತಿದ್ದ. ಏನಾಯಿತು ಅಂದೆ. ‘ಏನಿಲ್ರೀ ಮೇಡಂ, ಮನ್ಯಾಗಿನ ಬೆಕ್ಕು ಸತ್ತದ. ಬೆಕ್ಕ ಅಷ್ಟೇ ಬಿಡ್ರಿ’ ಅಂದ. ಬೇರೆಯವರು ಹೇಳುವುದನ್ನು ಅವನೇ ಮೊದಲು ಹೇಳಿಬಿಟ್ಟಿದ್ದ.

ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ‘ಹೆಂಗ ಆಯ್ತು?’ ಅಂತ ಕೇಳಿದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಸಂಜೆ ಹಾಲು ಹಾಕಿದ್ದರಿಂದ ಶುರು ಮಾಡಿದ. ಒಂದೂವರೆಗೆ ಎಲ್ಲರೂ ಬ್ಯಾಗ್ ಹಾಕಿಕೊಂಡು ಹೊರಟರು, ಜವಾನ ಫ್ಯಾನ್ ಆರಿಸಲು ಬಂದು ನಿಂತ. ಹುಡುಗ ಇನ್ನೂ ಅದು ಗೇಟು ದಾಟಿದ ಜಾಗಕ್ಕೇ ಬಂದಿದ್ದ. ಫ್ಯಾನ್ ಇರಲಿ ಬಿಡಪ್ಪಾ ಅಂದೆ.