ಓಟ್ಸ್ ಮತ್ತು ಎಲ್‌ಡಿಎಲ್: ಒಂದು ಸ್ಪಷ್ಟನೆ

“ದಿನಾ ಬೆಳಿಗ್ಗೆ ಒಂದು ಬಟ್ಟಲು ಓಟ್ಸ್ ತಿಂದರೆ ಕೊಲೆಸ್ಟ್ರಾಲ್ ಮಾತ್ರೆಯೇ ಬೇಡವಂತೆ, ಹೌದೇ?”

ಇಲ್ಲ. ಓಟ್ಸ್‌ನಲ್ಲಿರುವ ಬೀಟಾ-ಗ್ಲುಕಾನ್ ಎಂಬ ಲೋಳೆಯಂಥ ನಾರು ಕರುಳಿನಲ್ಲಿ, ಕೊಲೆಸ್ಟ್ರಾಲ್‌ನಿಂದ ತಯಾರಾಗುವ ಪಿತ್ತಾಮ್ಲವನ್ನು ಹಿಡಿದು ಹೊರಹಾಕುವುದರಿಂದ, ಹೊಸದನ್ನು ತಯಾರಿಸಲು ಯಕೃತ್ತು ರಕ್ತದಲ್ಲಿನ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟ್ರಾಲ್ ಅನ್ನು ಎಳೆದುಕೊಳ್ಳುತ್ತದೆ ಎಂಬುದು ನಿಜ. ಆದರೆ ಅದಕ್ಕೆ ದಿನಕ್ಕೆ 3 ಗ್ರಾಂ ಬೀಟಾ-ಗ್ಲುಕಾನ್ ಬೇಕು. 40 ಗ್ರಾಂ ಓಟ್ಸ್‌ನಲ್ಲಿ ಸಿಗುವುದು ಅದರ ಅರ್ಧದಷ್ಟು ಮಾತ್ರ. ಪೂರ್ತಿ ಪ್ರಮಾಣ ತಿಂದರೂ ಇಳಿಕೆ ಸುಮಾರು ಶೇ 5, ಅಂದರೆ 160 ಇದ್ದ ಎಲ್‌ಡಿಎಲ್ 152ರ ಆಸುಪಾಸಿಗೆ ಬಂದೀತು.

ಓಟ್ಸ್, ಬಾರ್ಲಿಗಳ ಜತೆಗೆ ಬಾದಾಮಿಯಂಥ ಬೀಜಗಳು, ಸೋಯಾ, ಕಾಳುಗಳು ಮತ್ತು ಕೊಲೆಸ್ಟ್ರಾಲ್ ಹೀರಿಕೆಯನ್ನು ತಗ್ಗಿಸುವ ಸಸ್ಯ ಸ್ಟೆರಾಲ್ ದಿನಕ್ಕೆ ಸುಮಾರು 2 ಗ್ರಾಂ ಸೇರಿದ ಆಹಾರಕ್ರಮವನ್ನು ಮನೆಯಲ್ಲೇ ಪಾಲಿಸಿದವರಲ್ಲಿ, ಟೊರೊಂಟೊದ ಸಂಶೋಧಕ ಡೇವಿಡ್ ಜೆಂಕಿನ್ಸ್ ಅವರ ತಂಡ 2011ರಲ್ಲಿ ಎಲ್‌ಡಿಎಲ್‌ನಲ್ಲಿ ಸುಮಾರು ಶೇ 13ರಷ್ಟು ಇಳಿಕೆಯನ್ನು ಕಂಡಿತು. ಅಷ್ಟು ಸ್ಟೆರಾಲ್ ಮಾಮೂಲಿ ಊಟದಿಂದ ಸಿಗುವುದಿಲ್ಲ. ದಯವಿಟ್ಟು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.